ಎನರ್ಜಿ ಗ್ರಾಫಿನಲ್ಲಿ ಸ್ಲೋ ಸ್ಟೆಪ್ ಹುಡುಕುವುದು ಹೇಗೆ?

ರಾಸಾಯನಿಕ ಕ್ರಿಯೆಯೊಂದರ ಮೂರು ಶಿಖರಗಳಿರುವ ಎನರ್ಜಿ ಗ್ರಾಫ್ ಮುಂದಿಟ್ಟು ‘ಇದರಲ್ಲಿ ಸ್ಲೋ ಸ್ಟೆಪ್, ಅಂದರೆ ಇಡೀ ಕ್ರಿಯೆಯ ವೇಗ ನಿರ್ಧರಿಸುವ ಹಂತ, ಯಾವುದು?’ ಎಂದು ಕೇಳಿದರೆ, ಕಾರವಾರವಿರಲಿ ಶಿರಸಿಯಿರಲಿ, ಪಿಯುಸಿ ಮಕ್ಕಳಿಂದ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ಕೆಲವರು ಎಲ್ಲಕ್ಕಿಂತ ಎತ್ತರದ ಶಿಖರಕ್ಕೆ ಬೆರಳಿಡುತ್ತಾರೆ. ಇನ್ನು ಕೆಲವರು ಪ್ರತಿ ತಗ್ಗಿನಿಂದ ಮುಂದಿನ ಶಿಖರದವರೆಗೆ ಸ್ಕೇಲ್ ಹಿಡಿದು, ಅತಿ ದೊಡ್ಡ ಏರು ಯಾವುದೋ ಅದನ್ನು ಬರೆಯುತ್ತಾರೆ. ಎರಡೂ ವಿಧಾನ ಕೆಲವೊಮ್ಮೆ ಸರಿಯಾದ ಉತ್ತರ ಕೊಡುತ್ತವೆ, ಕೆಲವೊಮ್ಮೆ ಕೈಕೊಡುತ್ತವೆ. ಕೈಕೊಡದ ವಿಧಾನವೊಂದಿದೆ. ಅದಕ್ಕೆ ಬೇಕಾದದ್ದು ಗ್ರಾಫ್ ಹಾಳೆ, ಪೆನ್ಸಿಲ್ ಮತ್ತು ಕಳೆಯುವ ಲೆಕ್ಕ ಮಾತ್ರ.

ಮೊದಲು ಅಕ್ಷಗಳನ್ನು ನೋಡಿ

ನಿಂತ ಅಕ್ಷದಲ್ಲಿ ಶಕ್ತಿ ಇರುತ್ತದೆ, ಸಾಮಾನ್ಯವಾಗಿ ಮೋಲ್‌ಗೆ ಇಷ್ಟು ಕಿಲೋಜೌಲ್ ಎಂದು. ಅದು ಎಂಥಾಲ್ಪಿಯೋ ಗಿಬ್ಸ್ ಫ್ರೀ ಎನರ್ಜಿಯೋ ಎಂದು ಓದಿಕೊಳ್ಳಿ. ವೇಗದ ಲೆಕ್ಕಕ್ಕೆ ಬೇಕಾದದ್ದು ಫ್ರೀ ಎನರ್ಜಿ. ಎರಡು ಅಣು ಸೇರಿ ಒಂದಾಗುವ ಹಂತದಲ್ಲಿ ಎಂಟ್ರೊಪಿ ಕಡಿಮೆಯಾಗುವುದರಿಂದ, ಎಂಥಾಲ್ಪಿ ಗ್ರಾಫಿನಲ್ಲಿ ಚಿಕ್ಕದಾಗಿ ಕಾಣುವ ಏರು ಫ್ರೀ ಎನರ್ಜಿಯಲ್ಲಿ ದೊಡ್ಡದೇ ಇರಬಹುದು.

ಮಲಗಿದ ಅಕ್ಷವನ್ನು ರಿಯಾಕ್ಷನ್ ಕೋಆರ್ಡಿನೇಟ್ ಎನ್ನುತ್ತಾರೆ. ಅದು ಸಮಯವಲ್ಲ. ಯಾವ ಬಂಧ ಎಷ್ಟು ಮುರಿದಿದೆ, ಯಾವುದು ಎಷ್ಟು ಕೂಡಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಹಾಗಾಗಿ ಅಗಲವಾದ ಶಿಖರ ಕಂಡರೆ ‘ಇದು ನಿಧಾನದ ಹಂತ’ ಎಂದುಕೊಳ್ಳುವಂತಿಲ್ಲ. ಅಗಲ ಬಹುಪಾಲು ಚಿತ್ರ ಬರೆದವರ ಕೈಯಳತೆ.

ಶಿಖರ, ತಗ್ಗು ಎಣಿಸಿ

ಪ್ರತಿ ಶಿಖರ ಒಂದು ಟ್ರಾನ್ಸಿಷನ್ ಸ್ಟೇಟ್, ಎರಡು ಶಿಖರಗಳ ನಡುವಿನ ಪ್ರತಿ ತಗ್ಗು ಒಂದು ಇಂಟರ್ಮೀಡಿಯೇಟ್. ಎಷ್ಟು ಶಿಖರವೋ ಅಷ್ಟು ಹಂತ; ಇಂಟರ್ಮೀಡಿಯೇಟ್ ಅದಕ್ಕಿಂತ ಒಂದು ಕಡಿಮೆ. ಎರಡೂ ತುದಿಯ ಸಮತಟ್ಟು ಭಾಗಗಳು ಪ್ರತಿವರ್ತಕ ಮತ್ತು ಉತ್ಪನ್ನ. ಅವನ್ನು ಇಂಟರ್ಮೀಡಿಯೇಟ್ ಲೆಕ್ಕಕ್ಕೆ ಸೇರಿಸಬಾರದು. ಗೆರೆ ಏರುವಾಗ ನಡುವೆ ಸ್ವಲ್ಪ ಮಟ್ಟಸವಾಗಿ, ಕೆಳಗಿಳಿಯದೆ ಮತ್ತೆ ಏರಿದರೆ ಅಲ್ಲಿ ಇಂಟರ್ಮೀಡಿಯೇಟ್ ಇಲ್ಲ. ತಗ್ಗು ಎನ್ನಿಸಿಕೊಳ್ಳಬೇಕಾದರೆ ಎರಡೂ ಬದಿ ಏರು ಇರಲೇಬೇಕು.

ನಿಜವಾದ ಕ್ರಿಯೆಯೊಂದರಲ್ಲಿ ಇದನ್ನು ಗುರುತಿಸೋಣ. ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್ ನೀರಿನೊಂದಿಗೆ ವರ್ತಿಸಿ ಆಲ್ಕೊಹಾಲ್ ಆಗುವ ಎಸ್‌ಎನ್1 ಕ್ರಿಯೆ ಮೂರು ಹಂತಗಳದ್ದು:

(CH₃)₃C–Br → (CH₃)₃C⁺ + Br⁻

(CH₃)₃C⁺ + H₂O → (CH₃)₃C–OH₂⁺

(CH₃)₃C–OH₂⁺ + H₂O → (CH₃)₃C–OH + H₃O⁺

ಮೂರು ಶಿಖರ, ಎರಡು ತಗ್ಗು. ಮೊದಲ ತಗ್ಗಿನಲ್ಲಿ ಕಾರ್ಬೊಕ್ಯಾಟಯಾನ್, ಎರಡನೆಯದರಲ್ಲಿ ಪ್ರೋಟಾನ್ ಹೊತ್ತ ಆಲ್ಕೊಹಾಲ್. ಮೊದಲ ಶಿಖರದ ತುದಿಯಲ್ಲಿರುವುದು ಇಂಗಾಲ–ಬ್ರೋಮಿನ್ ಬಂಧ ಹಿಗ್ಗಿ ಅರೆಬರೆ ಮುರಿದ ರೂಪ. ಅದನ್ನು ಬಾಟಲಿಯಲ್ಲಿ ಹಿಡಿದಿಡಲಾಗದು. ಬಂಧವೊಂದು ಒಮ್ಮೆ ಕಂಪಿಸುವಷ್ಟು ಹೊತ್ತಿನಲ್ಲಿ ಅದು ಆ ಕಡೆಗೋ ಈ ಕಡೆಗೋ ಜಾರಿಬಿಡುತ್ತದೆ. ತಗ್ಗಿನಲ್ಲಿರುವ ಕಾರ್ಬೊಕ್ಯಾಟಯಾನ್ ಅಲ್ಪಾಯುವಾದರೂ ಪೂರ್ಣ ಬಂಧಗಳಿರುವ ನಿಜವಾದ ಅಯಾನು. ಪರೀಕ್ಷೆಯಲ್ಲಿ ‘ಇಂಟರ್ಮೀಡಿಯೇಟ್‌ನ ರಚನೆ ಬರೆಯಿರಿ’ ಎಂದಾಗ ಚುಕ್ಕಿಗೆರೆಯ ಅರೆಬಂಧ ಹಾಕಿದರೆ ತಪ್ಪು. ಚುಕ್ಕಿಗೆರೆ ಶಿಖರಕ್ಕೆ ಮಾತ್ರ ಸಲ್ಲುತ್ತದೆ.

ಈ ಕ್ರಿಯೆಯಲ್ಲಿ ಮೊದಲ ಶಿಖರವೇ ಎಲ್ಲಕ್ಕಿಂತ ಎತ್ತರ, ಮೊದಲ ಏರೇ ಎಲ್ಲಕ್ಕಿಂತ ದೊಡ್ಡದು. ಹೇಗೆ ನೋಡಿದರೂ ಸ್ಲೋ ಸ್ಟೆಪ್ ಮೊದಲನೆಯದೇ. ನೀರಿಗೆ ಕ್ಷಾರ ಸೇರಿಸಿ ಅದರ ಸಾಂದ್ರತೆ ಹೆಚ್ಚಿಸಿದರೂ ವೇಗ ಅಷ್ಟಾಗಿ ಬದಲಾಗದಿರುವುದಕ್ಕೆ ಇದೇ ಕಾರಣ: ನಿಧಾನದ ಹಂತದಲ್ಲಿ ಹೈಡ್ರಾಕ್ಸೈಡ್‌ಗೆ ಕೆಲಸವೇ ಇಲ್ಲ. ಇಂಥ ಸುಲಭದ ಉದಾಹರಣೆಗಳಲ್ಲೇ ಅಭ್ಯಾಸ ಮಾಡುವುದರಿಂದಲೇ ಮುಂದೆ ತೊಡಕಾಗುವುದು.

ಈಗ ತೊಡಕಿನ ಗ್ರಾಫ್

ಅಭ್ಯಾಸಕ್ಕೆಂದೇ ಅಂಕಿಗಳನ್ನು ಆರಿಸಿಕೊಂಡ ಒಂದು ಗ್ರಾಫ್ ಬರೆಯಿರಿ. ಪ್ರತಿವರ್ತಕವನ್ನು 0 ಎಂದಿಟ್ಟುಕೊಳ್ಳಿ. ಮೊದಲ ಶಿಖರ 60, ಮೊದಲ ತಗ್ಗು 30. ಎರಡನೆ ಶಿಖರ 80, ಎರಡನೆ ತಗ್ಗು 10. ಮೂರನೆ ಶಿಖರ 70, ಕೊನೆಗೆ ಉತ್ಪನ್ನ −40. ಎಲ್ಲವೂ ಮೋಲ್‌ಗೆ ಕಿಲೋಜೌಲ್‌ನಲ್ಲಿ.

ಹಂತ ಹಂತವಾಗಿ ಏರನ್ನು ಅಳೆದರೆ ಮೊದಲನೆಯದು 60, ಎರಡನೆಯದು 80 − 30 = 50, ಮೂರನೆಯದು 70 − 10 = 60. ಎರಡನೆ ಹಂತದ ಏರೇ ಎಲ್ಲಕ್ಕಿಂತ ಚಿಕ್ಕದು. ಆದರೂ ಸ್ಲೋ ಸ್ಟೆಪ್ ಅದೇ.

ಯಾಕೆಂದು ತಿಳಿಯಲು ಮೊದಲ ತಗ್ಗಿನಲ್ಲಿ ನಿಂತು ಎರಡೂ ಕಡೆ ನೋಡಬೇಕು. ಅಲ್ಲಿಂದ ಮುಂದಕ್ಕೆ 50 ಏರಬೇಕು, ಹಿಂದಕ್ಕಾದರೆ 60 − 30 = 30 ಏರಿದರೆ ಸಾಕು. ವ್ಯತ್ಯಾಸ 20. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏರು 5.7 ಕಿಲೋಜೌಲ್ ಹೆಚ್ಚಾದಂತೆಲ್ಲ ವೇಗ ಹತ್ತನೇ ಒಂದಕ್ಕೆ ಇಳಿಯುತ್ತದೆ. ಹಾಗಾದರೆ 20 ಕಿಲೋಜೌಲ್ ಎಂದರೆ ಸುಮಾರು 3,000 ಪಟ್ಟು. ಮೊದಲ ತಗ್ಗು ಮುಟ್ಟಿದ ಅಣುಗಳಲ್ಲಿ ಒಂದು ಮುಂದೆ ಹೋಗುವಷ್ಟರಲ್ಲಿ ಮೂರು ಸಾವಿರ ಅಣು ಬಂದ ದಾರಿ ಹಿಡಿದು ಪ್ರತಿವರ್ತಕವಾಗಿಬಿಟ್ಟಿರುತ್ತವೆ. ಅಂದರೆ ಮೊದಲ ಹಂತ ಹೋಗಿ-ಬಂದು ಮಾಡುವ ಸಮತೋಲನವಷ್ಟೇ. ಎರಡನೆ ಶಿಖರವನ್ನು ದಾಟಲು ಬೇಕಾದ ಏರಿನ ಲೆಕ್ಕ ನಿಜದಲ್ಲಿ ಪ್ರತಿವರ್ತಕದಿಂದಲೇ ಶುರುವಾಗುತ್ತದೆ: 80 − 0 = 80.

ಎರಡನೆ ತಗ್ಗಿನಲ್ಲೂ ಹೀಗೇ ನೋಡಿ. ಮುಂದಕ್ಕೆ 60, ಹಿಂದಕ್ಕೆ 70. ಹಿಂದೆ ಹೋಗುವ ಒಂದೊಂದು ಅಣುವಿಗೂ ಐವತ್ತಕ್ಕೂ ಹೆಚ್ಚು ಅಣುಗಳು ಮುಂದೆ ಹೋಗುತ್ತವೆ. ಅಲ್ಲಿಗೆ ತಲುಪಿದ್ದು ಹೆಚ್ಚುಕಡಿಮೆ ಉತ್ಪನ್ನವಾದಂತೆಯೇ.

ಇದರಿಂದ ನಿಯಮ ಸಿಗುತ್ತದೆ. ಪ್ರತಿ ಶಿಖರದ ಎತ್ತರದಿಂದ, ಅದಕ್ಕಿಂತ ಹಿಂದಿನ ಅತಿ ಕೆಳಗಿನ ಜಾಗದ ಎತ್ತರವನ್ನು ಕಳೆಯಿರಿ. ಪ್ರತಿವರ್ತಕವನ್ನೂ ಆ ಜಾಗಗಳಲ್ಲಿ ಸೇರಿಸಿ. ಯಾವ ಶಿಖರಕ್ಕೆ ಅತಿ ದೊಡ್ಡ ಅಂಕಿ ಬರುತ್ತದೋ ಆ ಹಂತವೇ ವೇಗ ನಿರ್ಧರಿಸುವುದು. ಮೇಲಿನ ಗ್ರಾಫಿಗೆ 60, 80, 70 ಬರುತ್ತದೆ. ಎರಡನೆ ಹಂತ.

ಎತ್ತರದ ಶಿಖರವೂ ಮೋಸ ಮಾಡುವುದು

ಹಾಗಾದರೆ ಎತ್ತರದ ಶಿಖರ ಹುಡುಕಿದರೆ ಮುಗಿಯಿತಲ್ಲ ಎನ್ನಿಸಬಹುದು. ಅದೇ ಗ್ರಾಫಿನಲ್ಲಿ ಎರಡು ಅಂಕಿ ಬದಲಿಸಿ: ಎರಡನೆ ತಗ್ಗನ್ನು −30ಕ್ಕೆ ಇಳಿಸಿ, ಮೂರನೆ ಶಿಖರವನ್ನು 60 ಮಾಡಿ. ಈಗಲೂ ಎತ್ತರದ ಶಿಖರ ಎರಡನೆಯದೇ, 80. ಆದರೆ ನಿಯಮದಂತೆ ಮೂರನೆ ಶಿಖರಕ್ಕೆ 60 − (−30) = 90 ಬರುತ್ತದೆ. ಸ್ಲೋ ಸ್ಟೆಪ್ ಮೂರನೆಯದಾಯಿತು.

ಎತ್ತರ ಬೇರೆ, ಏರು ಬೇರೆ. ಕುಮಟೆಯಿಂದ ಶಿರಸಿಗೆ ಹೊರಟ ಬಸ್ಸಿಗೆ ದೇವಿಮನೆ ಘಟ್ಟ ಉಸಿರು ಕಟ್ಟಿಸುವ ಏರು. ಶಿರಸಿ ಕಡೆಯಿಂದ ಬರುವ ಬಸ್ಸಿಗೆ ಘಟ್ಟದ ತುದಿ ಅಷ್ಟೇ ಎತ್ತರದಲ್ಲಿದ್ದರೂ ಏರು ಅಲ್ಪ. ಎಲ್ಲಿಂದ ಹೊರಟಿದ್ದೇವೆ ಎಂಬುದು ಮುಖ್ಯ. ಇಲ್ಲಿ ಅಣುಗಳು ಎರಡನೆ ತಗ್ಗಿಗೆ ಬಿದ್ದು, ಪ್ರತಿವರ್ತಕಕ್ಕಿಂತ ಕೆಳಗೆ ಕೂತಿವೆ. ಹಿಂದಿರುಗಲು 110 ಏರಬೇಕು, ಮುಂದೆ ಹೋಗಲು 90.

ಇದನ್ನು ಗಡಿಯಾರಕ್ಕೆ ಹೊಂದಿಸಿದರೆ ಇನ್ನೂ ಸ್ಪಷ್ಟ. ಏರಿನಿಂದ ವೇಗ ಲೆಕ್ಕ ಹಾಕುವ ಐರಿಂಗ್ ಸಮೀಕರಣದಂತೆ 25 ಡಿಗ್ರಿಯಲ್ಲಿ 80 ಕಿಲೋಜೌಲ್ ಏರಿನ ಅರ್ಧಾಯುಷ್ಯ ಸುಮಾರು 12 ಸೆಕೆಂಡ್, 90ರದ್ದು ಸುಮಾರು 11 ನಿಮಿಷ, 100ರದ್ದು ಹತ್ತು ಗಂಟೆಗೂ ಹೆಚ್ಚು. ಹಾಗಾಗಿ ಈ ಬದಲಿಸಿದ ಗ್ರಾಫಿನ ಕ್ರಿಯೆಯನ್ನು ಫ್ಲಾಸ್ಕಿನಲ್ಲಿ ನಡೆಸಿದರೆ ಒಂದೆರಡು ನಿಮಿಷದಲ್ಲಿ ಪ್ರತಿವರ್ತಕವೆಲ್ಲ ಬಹುತೇಕ ಖಾಲಿ, ಉತ್ಪನ್ನ ಇನ್ನೂ ಅಲ್ಪಸ್ವಲ್ಪ. ತುಂಬಿರುವುದು ಎರಡನೆ ಇಂಟರ್ಮೀಡಿಯೇಟ್. ಅದಕ್ಕೆ ಬಣ್ಣವಿದ್ದರೆ ಕಣ್ಣಿಗೇ ಕಾಣುತ್ತದೆ. ಮೊದಲ ಗ್ರಾಫಿನಲ್ಲಾದರೆ ಎರಡೂ ಇಂಟರ್ಮೀಡಿಯೇಟ್‌ಗಳು ಪ್ರತಿವರ್ತಕಕ್ಕಿಂತ ಮೇಲಿರುವುದರಿಂದ ಯಾವುದೂ ಕೂಡಿಬೀಳುವುದಿಲ್ಲ.

ಈ ಸಮಯಗಳು 25 ಡಿಗ್ರಿಯವು ಎಂಬುದು ಕರಾವಳಿಯವರಿಗೆ ನೆನಪಿರಲಿ. ಏಪ್ರಿಲ್‌ನಲ್ಲಿ ಲ್ಯಾಬ್ 33 ಡಿಗ್ರಿ ಇದ್ದರೆ, 80 ಕಿಲೋಜೌಲ್ ಏರಿನ ಕ್ರಿಯೆ ಎರಡು ಪಟ್ಟಿಗಿಂತ ಹೆಚ್ಚು ವೇಗವಾಗಿ ನಡೆಯುತ್ತದೆ.

ಎಲ್ಲಿ ಎಚ್ಚರ ಬೇಕು

ಪ್ರತಿವರ್ತಕ ಮತ್ತು ಉತ್ಪನ್ನದ ನಡುವಿನ ಅಂತರವನ್ನು ವೇಗಕ್ಕೆ ಜೋಡಿಸುವುದು ಸಾಮಾನ್ಯ ತಪ್ಪು. ನಮ್ಮ ಗ್ರಾಫಿನಲ್ಲಿ ಉತ್ಪನ್ನ −40 ಇದ್ದರೂ −140 ಇದ್ದರೂ ಮುಂದಿನ ದಿಕ್ಕಿನ ವೇಗ ಅಷ್ಟೇ. ಇನ್ನು, ಈ ನಿಯಮ ಒಮ್ಮೆ ಶುರುವಾಗಿ ಮುಗಿಯುವ ಕ್ರಿಯೆಗಳದ್ದು. ಕ್ಯಾಟಲಿಸ್ಟ್ ಸುತ್ತು ಹಾಕುವ ಕ್ರಿಯೆಗಳಲ್ಲಿ ಒಂದು ಸುತ್ತಿನ ಕೊನೆಯ ತಗ್ಗು ಮುಂದಿನ ಸುತ್ತಿನ ಮೊದಲ ಶಿಖರಕ್ಕೂ ಲೆಕ್ಕಕ್ಕೆ ಬರುವುದರಿಂದ, ಎರಡು ಸುತ್ತನ್ನು ಅಕ್ಕಪಕ್ಕ ಬರೆದು ಅಳೆಯಬೇಕಾಗುತ್ತದೆ.

ಕಳೆದು ಬಂದ ಅಂಕಿಗಳಲ್ಲಿ ಅತಿ ದೊಡ್ಡ ಎರಡರ ನಡುವೆ 6 ಕಿಲೋಜೌಲ್‌ಗಿಂತ ಕಡಿಮೆ ವ್ಯತ್ಯಾಸವಿದ್ದರೆ ಒಂದೇ ಸ್ಲೋ ಸ್ಟೆಪ್ ಇದೆ ಎಂದು ಹಟ ಹಿಡಿಯಬಾರದು. ವೇಗದಲ್ಲಿ ಹತ್ತು ಪಟ್ಟಿನ ಅಂತರವೂ ಇಲ್ಲದಾಗ ಎರಡೂ ಹಂತಗಳು ವೇಗವನ್ನು ಹಂಚಿಕೊಂಡು ನಿರ್ಧರಿಸುತ್ತವೆ.

ಗ್ರಾಫ್ ಸರಿಯೇ ಎಂದು ಪರೀಕ್ಷಿಸುವುದು

ಗ್ರಾಫ್ ನಾವು ಬರೆದದ್ದು. ಅದು ನಿಜವೇ ಎಂದು ಹೇಳಬೇಕಾದದ್ದು ಪ್ರಯೋಗ. ಬೆಂಜೀನ್‌ನ ನೈಟ್ರೇಷನ್‌ಗೆ ಎರಡು ಶಿಖರ: ಮೊದಲು ನೈಟ್ರೋನಿಯಂ ಅಯಾನು ಬಂದು ಉಂಗುರಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಅದೇ ಇಂಗಾಲದ ಮೇಲಿನ ಹೈಡ್ರೋಜನ್ ಬಿಟ್ಟುಹೋಗುತ್ತದೆ. ಯಾವ ಶಿಖರ ಎತ್ತರ? ಸ್ವೀಡನ್ನಿನ ಲಾರ್ಸ್ ಮೆಲಾಂಡರ್ 1950ರಲ್ಲಿ ಇಂಥ ಉಂಗುರಗಳಲ್ಲಿ ಹೈಡ್ರೋಜನ್ ಬದಲು ಭಾರದ ಟ್ರಿಟಿಯಂ ಇಟ್ಟು ನೋಡಿದರು. ಇಂಗಾಲ–ಟ್ರಿಟಿಯಂ ಬಂಧ ಮುರಿಯುವುದು ಇಂಗಾಲ–ಹೈಡ್ರೋಜನ್ ಬಂಧಕ್ಕಿಂತ ಬಹಳ ನಿಧಾನ. ಎರಡನೆ ಶಿಖರ ಎತ್ತರವಿದ್ದಿದ್ದರೆ ಟ್ರಿಟಿಯಂ ಹೊರಬೀಳುವುದು ಹಿಂದೆ ಬೀಳಬೇಕಿತ್ತು. ಬೀಳಲಿಲ್ಲ. ಹಾಗಾಗಿ ನೈಟ್ರೇಷನ್ ಗ್ರಾಫಿನಲ್ಲಿ ಮೊದಲ ಶಿಖರವನ್ನು ಎತ್ತರಕ್ಕೂ, ಎರಡನೆಯದನ್ನು ತಗ್ಗಿಸಿಯೂ ಬರೆಯುತ್ತಾರೆ. ಸಲ್ಫೋನೇಷನ್‌ನಲ್ಲಿ ಮಾತ್ರ ಇದೇ ಪರೀಕ್ಷೆಗೆ ಸಣ್ಣ ಪರಿಣಾಮ ಕಾಣುತ್ತದೆ. ಅಲ್ಲಿ ಎರಡೂ ಶಿಖರಗಳನ್ನು ಹತ್ತಿರ ಹತ್ತಿರ ಒಂದೇ ಎತ್ತರಕ್ಕೆ ಬರೆಯಬೇಕು.