ಮಧ್ಯರಾತ್ರಿ ಉಸಿರು ಕಟ್ಟಿ ಎದ್ದು ಕೂತರೆ: ಮೊದಲ ಒಂದು ಗಂಟೆ ಏನು ಮಾಡಬೇಕು?

ಬೆಳಗಿನ ಜಾವ 3 ಗಂಟೆ. ಯಶವಂತಪುರದ ಒಂದು ನರ್ಸಿಂಗ್ ಹೋಮ್‌ಗೆ 62 ವರ್ಷದ ಒಬ್ಬರನ್ನು ಆಟೊದಲ್ಲಿ ಕರೆತಂದರು ಅಂದುಕೊಳ್ಳಿ. "ಮಲಗಿಸಿದ್ರೆ ಉಸಿರೇ ಆಡಲ್ಲ ಡಾಕ್ಟ್ರೇ, ಬಿಪಿ ಮಾತ್ರೆ ಬಿಟ್ಟು ಒಂದು ವಾರ ಆಯ್ತು" ಅಂತಾರೆ ಹೆಂಡತಿ. ಮೈ ತಣ್ಣಗಿದೆ, ಬೆವರು ಸುರೀತಿದೆ, ಒಂದು ಉಸಿರಿಗೆ ಎರಡು ಪದ ಹೊರಬಂದರೆ ಜಾಸ್ತಿ. ಬಿಪಿ 210/120, ಆಕ್ಸಿಜನ್ 82%.

ಎದೆಯಲ್ಲಿ ಸುಂಯ್ ಅನ್ನೋ ಶಬ್ದ ಕೇಳಿದ ಕೂಡಲೇ ಆಸ್ತಮಾ ಅಂದುಕೊಂಡು ನೆಬುಲೈಸರ್ ಹಾಕಿ ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಹಿಂದೆ ಯಾವತ್ತೂ ಆಸ್ತಮಾ ಇರದವರಿಗೆ 62ರಲ್ಲಿ, ಇಷ್ಟು ಬಿಪಿ ಜೊತೆ, ದಿಢೀರ್ ಅಂತ ಹೀಗಾದರೆ ಮೊದಲು ಹೃದಯವನ್ನೇ ಅನುಮಾನಿಸಿ, ಅದು ಸೋತು ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ಬೆನ್ನಿನ ಎರಡೂ ಕಡೆ ಸ್ಟೆತೋಸ್ಕೋಪ್ ಇಟ್ಟರೆ ಚರಚರ ಶಬ್ದ, ಕತ್ತಿನ ನರ ಉಬ್ಬಿರುವುದು, ಗುಲಾಬಿ ಬಣ್ಣದ ನೊರೆ ಕಫ, ಇವು ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. ಎಕ್ಸ್‌ರೇಗೆ ಕಾಯುತ್ತಾ ಚಿಕಿತ್ಸೆ ತಡಮಾಡಬೇಡಿ.

ಇಸಿಜಿ ತೆಗೆಯುವುದಕ್ಕೂ ಅವರನ್ನು ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಮಂಚದಿಂದ ಕೆಳಗೆ ಬಿಡಿ. ಆಕ್ಸಿಜನ್ ಕೊಟ್ಟು, ಮೆಷಿನ್ ಇದ್ದರೆ ಒತ್ತಡದಿಂದ ಗಾಳಿ ತಳ್ಳುವ ಸಿಪ್ಯಾಪ್ ಮಾಸ್ಕ್ ಹಾಕಿ. ಒತ್ತಡವನ್ನು 5 ಸೆಂ.ಮೀ. ನೀರಿನಷ್ಟರಲ್ಲಿ ಶುರುಮಾಡಿ, ತಡೆದುಕೊಂಡರೆ ನಿಧಾನವಾಗಿ 10ರವರೆಗೆ ಏರಿಸಿ. ಉಸಿರಿಲ್ಲದೆ ಒದ್ದಾಡುವವರಿಗೆ ಮುಖ ಮುಚ್ಚಿದರೆ ಗಾಬರಿ ಸಹಜ ಅಲ್ವಾ, ಹಾಗಾಗಿ ಪಟ್ಟಿ ಬಿಗಿಯುವ ಮೊದಲು ಒಂದೆರಡು ನಿಮಿಷ ಮಾಸ್ಕನ್ನು ಕೈಯಲ್ಲೇ ಹಿಡಿದು ಮಾತಾಡಿಸಿ. ಮಂಪರಿನಲ್ಲಿದ್ದರೆ, ವಾಂತಿ ಮಾಡುತ್ತಿದ್ದರೆ ಮಾಸ್ಕ್ ಬೇಡ, ಶ್ವಾಸನಾಳಕ್ಕೆ ಟ್ಯೂಬ್ ಹಾಕಲು ಸಿದ್ಧರಾಗಿ.

ಇವರ ಮೈಯಲ್ಲಿ ನೀರು ತುಂಬಾ ಜಾಸ್ತಿ ಆಗಿರಲೇಬೇಕೆಂದಿಲ್ಲ. ರಕ್ತನಾಳಗಳು ಬಿಗಿದುಕೊಂಡು ಬಿಪಿ ಏರಿದೆ, ಅದರ ಎದುರು ರಕ್ತ ತಳ್ಳಲಾಗದೆ ಹೃದಯ ಸೋತಿದೆ, ಒತ್ತಡ ಹಿಂದಕ್ಕೆ ಬಂದು ಶ್ವಾಸಕೋಶದೊಳಗೆ ನೀರು ಜಿನುಗಿದೆ. ಆದ್ದರಿಂದ ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ತಕ್ಷಣ ಬೇಕು. ಪಂಪ್‌ನಲ್ಲಿ ನಿಮಿಷಕ್ಕೆ 10-20 ಮೈಕ್ರೋಗ್ರಾಂನಿಂದ ಶುರುಮಾಡಿ, 5 ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಾ ಡೋಸ್ ಏರಿಸಿ, 200 ಮೈಕ್ರೋಗ್ರಾಂವರೆಗೂ ಹೋಗಬಹುದು. 20ರಲ್ಲೇ ನಿಲ್ಲಿಸಿ ಕೂತರೆ ಇಂಥವರಿಗೆ ಸಾಲುವುದಿಲ್ಲ. ಮೇಲಿನ ಬಿಪಿ 100ಕ್ಕಿಂತ ಕಡಿಮೆ ಇದ್ದರೆ, ಲೈಂಗಿಕ ಸಮಸ್ಯೆಗೆ ಕೊಡುವ ಸಿಲ್ಡೆನಾಫಿಲ್ ಥರದ ಮಾತ್ರೆ ಇತ್ತೀಚೆಗೆ ತಗೊಂಡಿದ್ದರೆ ಇದನ್ನು ಕೊಡಬಾರದು. ಆ ಮಾತ್ರೆಯ ವಿಷಯ ಹೆಂಡತಿಯ ಎದುರು ಕೇಳದೆ, ರೋಗಿಯನ್ನೇ ಮೆಲ್ಲಗೆ ಕೇಳಿ.

ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ 40 ಮಿ.ಗ್ರಾಂ ನರಕ್ಕೆ ಕೊಡಿ. ದಿನಾ ಇದರದೇ ಮಾತ್ರೆ ತಗೊಳ್ಳುವವರಿಗೆ ಕನಿಷ್ಠ ಆ ದಿನದ ಡೋಸಿನಷ್ಟಾದರೂ ಬೇಕು. ಮೂತ್ರ ಬರಲು ಸಮಯ ಹಿಡಿಯುತ್ತದೆ, ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಸುಸ್ತಾಗಿದ್ದಾರೆ ಅಂತ ಸುಮ್ನೆ ಸಲೈನ್ ಬಾಟಲಿ ಏರಿಸಲೇಬೇಡಿ.

ಇಸಿಜಿ 10 ನಿಮಿಷದೊಳಗೆ ಆಗಲಿ. ಹೃದಯಾಘಾತ ಕಂಡರೆ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೆ ಫೋನ್ ಮಾಡಿ, ಮಾಸ್ಕ್ ಮತ್ತು ಪಂಪ್ ಸಮೇತ ಆಂಬುಲೆನ್ಸ್‌ನಲ್ಲಿ ಕಳಿಸಿ. ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದು ಕೈಕಾಲು ತಣ್ಣಗಿದ್ದರೆ ಅದು ಶಾಕ್, ಅಲ್ಲಿ ಈ ದಾರಿ ನಡೆಯದು, ತಕ್ಷಣ ಐಸಿಯು ಬೇಕು.

ನಮ್ಮ ರೋಗಿಗೆ 40 ನಿಮಿಷದಲ್ಲಿ ಬಿಪಿ 155ಕ್ಕೆ ಇಳಿದು, ಆಕ್ಸಿಜನ್ 95% ಆಗಿ, ಪೂರ್ತಿ ವಾಕ್ಯ ಆಡುವಂತಾದರೆ ದಾರಿ ಸರಿ ಇದೆ ಅಂತ ಅರ್ಥ. ಆಗಲೂ ಪಂಪನ್ನು ಒಮ್ಮೆಲೇ ನಿಲ್ಲಿಸದೆ, ಬಿಪಿ ನೋಡಿಕೊಂಡು ಸ್ವಲ್ಪಸ್ವಲ್ಪವೇ ಇಳಿಸಿ.