ದುಬೈ ಸಂಬಳ, ಡೊಂಬಿವಲಿ ಮನೆ: ದುಡ್ಡು ಹಂಚುವುದು ಹೇಗೆ?

ಅಕ್ಕನ ಮಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು ಎಂದಾಗ ಡೊಂಬಿವಲಿಯ ಮನೆಗೆ ಮೊದಲು ಪೇಡಾ ಬಂತು, ಆಮೇಲೆ ಕ್ಯಾಲ್ಕುಲೇಟರ್ ಬಂತು. ಸಂಬಳ 4,500 ದಿರ್ಹಮ್. ಒಂದು ದಿರ್ಹಮ್‌ಗೆ 23 ರೂಪಾಯಿ ಹಿಡಿದರೆ ಒಂದು ಲಕ್ಷದ ಮೂರೂವರೆ ಸಾವಿರ. ಸಂಜೆಯ ಹೊತ್ತಿಗೆ ಆ ‘ಲಕ್ಷ’ ನಮ್ಮ ಬಿಲ್ಡಿಂಗ್ ದಾಟಿ ಕುಂದಾಪುರದ ನೆಂಟರ ಮನೆಯನ್ನೂ ಮುಟ್ಟಿತ್ತು.

ನಾನು ಮುಂಬಯಿಯ ಬ್ಯಾಂಕ್ ಕೌಂಟರ್‌ನಲ್ಲಿ ಮೂವತ್ತು ವರ್ಷ ಕೂತವನು. ಎಡವಟ್ಟು ಶುರುವಾಗುವುದು ಈ ಗುಣಾಕಾರದಲ್ಲೇ. ಸಂಬಳವನ್ನು ರೂಪಾಯಿಗೆ ತಿರುಗಿಸುತ್ತಾರೆ, ಅಲ್ಲಿನ ಖರ್ಚನ್ನು ಯಾರೂ ತಿರುಗಿಸುವುದಿಲ್ಲ. ಆದ್ದರಿಂದ ಹುಡುಗ ವಿಮಾನ ಹತ್ತುವ ಮೊದಲು ಅವನನ್ನೂ ಭಾವನನ್ನೂ ಕೂರಿಸಿ ಒಂದು ಹಾಳೆ ಬರೆಸಿದೆ.

ಮೊದಲು ಅಲ್ಲಿನ ಖರ್ಚು

ಬರ್ ದುಬೈಯಲ್ಲಿ ಬೆಡ್ ಸ್ಪೇಸ್ ಗೊತ್ತಾಗಿತ್ತು. ಅಂದರೆ ರೂಮಲ್ಲ, ನಾಲ್ಕೈದು ಜನರ ರೂಮಿನಲ್ಲಿ ಒಂದು ಮಂಚ. ಅದಕ್ಕೆ 1,000 ದಿರ್ಹಮ್. ಊಟಕ್ಕೆ 700, ಮೆಟ್ರೊ-ಬಸ್ಸಿಗೆ 250, ಫೋನಿಗೆ 100, ಬಟ್ಟೆ, ಸೋಪು, ಕ್ಷೌರ, ಮಾತ್ರೆ ಎಲ್ಲ ಸೇರಿ 250. ಒಟ್ಟು 2,300. ಉಳಿಯುವುದು 2,200. ಹಂಚಬೇಕಾದದ್ದು ಇಷ್ಟನ್ನೇ. ಭಾವ ಹಾಳೆಯನ್ನು ಎರಡು ಸಲ ನೋಡಿ, “ಮಂಚಕ್ಕೆ ಇಪ್ಪತ್ತಮೂರು ಸಾವಿರವಾ?” ಎಂದರು. ಆ ಒಂದು ಪ್ರಶ್ನೆ ಬಂದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಮಾತನ್ನೂ ಅವತ್ತೇ ಹೇಳಿಸಿದೆ: ಮೊದಲ ಎರಡು ತಿಂಗಳು ಹಣ ಬರುವುದಿಲ್ಲ. ಮೊದಲ ಸಂಬಳ ಬರುವ ತನಕ ಕೈಯಿಂದ ಖರ್ಚು, ಮಂಚಕ್ಕೆ ಡಿಪಾಸಿಟ್ ಬೇರೆ. ಹೋದ ಮೇಲೆ ಹೇಳಿದರೆ ಅದು ನೆಪದಂತೆ ಕೇಳುತ್ತದೆ.

ಮನೆಗೆ ಎಷ್ಟು?

“ಆದಷ್ಟು ಕಳಿಸ್ತೇನೆ” ಎಂದು ಮಾತ್ರ ಹೇಳಬೇಡಿ. ಆದಷ್ಟು ಎಂದರೆ ಅಮ್ಮನಿಗೆ ಒಂದು ಅಂಕೆ, ಚಿಕ್ಕಪ್ಪನಿಗೆ ಇನ್ನೊಂದು. ಮನೆಯ ಖರ್ಚನ್ನು ಹೆಸರು ಹಿಡಿದು ಬರೆಯಿರಿ. ನಮ್ಮಲ್ಲಿ ಫ್ಲ್ಯಾಟಿನ ಕಂತು 14,000, ಅಕ್ಕನ ಕೈಗೆ ಮನೆಖರ್ಚಿಗೆ 8,000, ತಂಗಿಯ ಕಾಲೇಜಿಗೆ 3,000. ಒಟ್ಟು 25,000 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಕು.

ಮಾತು ಕೊಡುವುದು ರೂಪಾಯಿಯಲ್ಲಿರಲಿ, ದಿರ್ಹಮ್‌ನಲ್ಲಿ ಬೇಡ. ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ಹಣ, 1997ರಿಂದ ಒಂದು ಡಾಲರಿಗೆ 3.6725. ಡಾಲರ್ ಎದುರು ರೂಪಾಯಿ ಇಳಿದರೆ ದಿರ್ಹಮ್ ಎದುರೂ ಇಳಿಯುತ್ತದೆ. ರೇಟು 23 ಇದ್ದಾಗ 25,000 ಕಳಿಸಲು 1,087 ದಿರ್ಹಮ್ ಬೇಕು, 24 ಆದಾಗ 1,042 ಸಾಕು. ಆ 45 ದಿರ್ಹಮ್ ಹುಡುಗನದು. ರೇಟು ತಿರುಗಿದರೆ ನಷ್ಟವೂ ಅವನದೇ, ಇರಲಿ. ಮನೆಯ ಕಂತಂತೂ ರೂಪಾಯಿಯಲ್ಲೇ ಇದೆಯಲ್ವಾ.

ಕಳಿಸುವಾಗ

ಎಕ್ಸ್‌ಚೇಂಜ್ ಅಂಗಡಿಯಲ್ಲಾಗಲಿ ಆ್ಯಪ್‌ನಲ್ಲಾಗಲಿ ‘ಶುಲ್ಕ ಇಲ್ಲ’ ಎಂಬ ಬೋರ್ಡು ನೋಡಿ ಮರುಳಾಗಬೇಡಿ. ಶುಲ್ಕ ಬಿಟ್ಟವರು ರೇಟಿನಲ್ಲಿ ಹಿಡಿಯುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ನಾನು 1,110 ದಿರ್ಹಮ್ ಕೊಟ್ಟರೆ ಅಮ್ಮನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ? ಶುಲ್ಕವಿಲ್ಲದೆ 22.50 ಕೊಟ್ಟರೆ 24,975. ಶುಲ್ಕ 21 ದಿರ್ಹಮ್ ಹಿಡಿದು 23 ಕೊಟ್ಟರೆ 25,047. ಶುಲ್ಕ ಇದ್ದದ್ದೇ ಅಗ್ಗವಾಯಿತು.

ಆದರೆ ಈ ಎಪ್ಪತ್ತು ರೂಪಾಯಿಗಿಂತ ದೊಡ್ಡ ಸೋರಿಕೆ ಬೇರೆ ಇದೆ. ಗ್ಯಾಸ್ ಮುಗಿಯಿತು, ಫೀಸು ಬಂತು ಎಂದು ತಿಂಗಳಿಗೆ ಮೂರು ಸಲ ಚಿಲ್ಲರೆ ಕಳಿಸಿದರೆ ಶುಲ್ಕವೂ ಮೂರು ಸಲ. 42 ದಿರ್ಹಮ್ ಜಾಸ್ತಿ, ಅಂದರೆ ಸಾವಿರ ರೂಪಾಯಿಯ ಹತ್ತಿರ. ಕಳಿಸುವುದು ತಿಂಗಳಿಗೆ ಒಂದೇ ಸಲ ಇರಲಿ.

ರೂಮಿನಲ್ಲಿ ಯಾರಾದರೂ “ನನ್ನ ಹತ್ರ ಕೊಡು, ಒಳ್ಳೆ ರೇಟು, ಅರ್ಧ ಗಂಟೇಲಿ ಮನೆಗೆ ಸೇರುತ್ತೆ” ಎನ್ನುತ್ತಾರೆ. ಅದು ಹುಂಡಿ, ಲೈಸೆನ್ಸ್ ಇಲ್ಲದವರು ಹಣ ದಾಟಿಸುವ ದಾರಿ, ಕಾನೂನಿಗೆ ವಿರುದ್ಧ. ಅಮ್ಮನ ಖಾತೆಗೆ ಯಾರದೋ ಹೆಸರಿನಿಂದ ಹಣ ಬೀಳುತ್ತದೆ. ಅದು ಮೋಸದ ಹಣವಾಗಿದ್ದರೆ ಪೊಲೀಸರು ತಡೆಹಿಡಿಸುವುದು ಅಮ್ಮನ ಖಾತೆಯನ್ನು.

ಉಳಿತಾಯ ಯಾರ ಹೆಸರಲ್ಲಿ?

ನಾನು ಜಾಸ್ತಿ ಹೇಳಬೇಕಾದದ್ದು ಇಲ್ಲಿ. ಕೌಂಟರ್‌ನಲ್ಲಿದ್ದಾಗ ಒಬ್ಬ ಹುಡುಗ ಬಂದಿದ್ದ. ನಾಲ್ಕು ವರ್ಷ ಗಲ್ಫ್‌ನಲ್ಲಿ ದುಡಿದು, ಮನೆಖರ್ಚು, ಉಳಿತಾಯ ಎರಡನ್ನೂ ತಂದೆಯ ಖಾತೆಗೇ ಹಾಕಿದ್ದ. ಪಾಸ್‌ಬುಕ್ ಪ್ರಿಂಟ್ ಮಾಡಿಸಿದ. ಕೊನೆಯ ಸಾಲಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ. ತಂದೆ ಕದ್ದಿರಲಿಲ್ಲ. ಟೈಲ್ಸ್ ಹಾಕಿಸಿದ್ದರು, ಅಕ್ಕನ ಮದುವೆ ಮಾಡಿದ್ದರು, ದಾಯಾದಿಯೊಬ್ಬರಿಗೆ ಕೈಗಡ ಕೊಟ್ಟಿದ್ದರು. ಖಾತೆಯಲ್ಲಿ ಹಣ ಕಂಡರೆ ಮನೆಗೆ ಕೆಲಸ ನೆನಪಾಗುತ್ತದೆ. ಅವನು ಪಾಸ್‌ಬುಕ್ ಮಡಚಿ ಜೇಬಿಗಿಟ್ಟುಕೊಂಡು, ಒಂದು ಮಾತೂ ಆಡದೆ ಹೋದ.

ಹಾಗಾಗಿ ದಾರಿ ಎರಡು ಇರಲಿ. ಮನೆಯ 25,000 ಅಮ್ಮನ ಖಾತೆಗೆ. ಮಗ ತಾಯಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಉಳಿತಾಯ ತನ್ನ ಹೆಸರಿನ ಎನ್‌ಆರ್‌ಇ ಖಾತೆಗೆ, ಅಂದರೆ ಹೊರದೇಶದಲ್ಲಿ ದುಡಿದ ಹಣ ಹಾಕಲು ಅನಿವಾಸಿಗಳಿಗಿರುವ ಖಾತೆಗೆ. ಅನಿವಾಸಿಯಾಗಿರುವ ತನಕ ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಅದೇ ಹಣವನ್ನು ಅಪ್ಪನ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿ ಅಪ್ಪನ ಆದಾಯಕ್ಕೆ ಸೇರುತ್ತದೆ. ನಾಳೆ ಪಾಲಿನ ಪ್ರಶ್ನೆ ಬಂದರೆ ಅದು ಅಪ್ಪನ ಹಣ, ಅಷ್ಟೆ.

ಇಲ್ಲಿನ ಹಳೆಯ ಉಳಿತಾಯ ಖಾತೆಯನ್ನು ಸುಮ್ನೆ ಹಾಗೇ ಬಿಡುವಂತಿಲ್ಲ. ಕೆಲಸಕ್ಕೆಂದು ಹೋದ ಮೇಲೆ ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ, ಅಂದರೆ ಅನಿವಾಸಿಯ ಇಲ್ಲಿನ ಹಣಕ್ಕಿರುವ ಖಾತೆಯಾಗಿ ಬದಲಿಸಬೇಕು. ಎನ್‌ಆರ್‌ಇಗೆ ಪಾಸ್‌ಪೋರ್ಟ್, ವೀಸಾ, ಪ್ಯಾನ್, ಅಲ್ಲಿನ ವಿಳಾಸದ ಪುರಾವೆ ಕೇಳುತ್ತಾರೆ. ಬೆಡ್ ಸ್ಪೇಸ್‌ನವರಿಗೆ ವಿಳಾಸದ್ದೇ ತಲೆನೋವು, ಕಂಪನಿಯ ಪತ್ರ ನಡೆಯುತ್ತದಾ ಎಂದು ಮೊದಲೇ ಕೇಳಿಕೊಳ್ಳಿ. ನಾಮಿನಿಯಾಗಿ ಅಮ್ಮನ ಹೆಸರು ಹಾಕಿ.

ಆದರೆ ಮೊದಲ ಉಳಿತಾಯ ಇಲ್ಲಿಗೆ ಬರುವುದು ಬೇಡ. ನಮ್ಮ ಹುಡುಗನ 2,200ರಲ್ಲಿ ಶುಲ್ಕವೂ ಸೇರಿ 1,110 ಮನೆಗೆ ಹೋದ ಮೇಲೆ ಉಳಿದದ್ದು 1,090. ಅದರಲ್ಲಿ 90 ಊರಿಗೆ ಬರುವ ಖರ್ಚಿಗೆ, 1,000 ಅಲ್ಲಿನ ಬ್ಯಾಂಕಿನಲ್ಲೇ ದಿರ್ಹಮ್ ಆಗಿ. ಮೂರು ತಿಂಗಳ ಖರ್ಚು 6,900. ಏಳು ತಿಂಗಳಲ್ಲಿ ತುಂಬುತ್ತದೆ. ಕೆಲಸ ಹೋದರೆ ಮಂಚದ ಬಾಡಿಗೆ ಕೇಳುವವನು ದುಬೈಯಲ್ಲಿರುತ್ತಾನೆ, ಡೊಂಬಿವಲಿಯಲ್ಲಲ್ಲ. ಎಂಟನೇ ತಿಂಗಳಿಂದ ಎನ್‌ಆರ್‌ಇ. ಎಫ್‌ಡಿ ಮಾಡಿದರೆ ವರ್ಷದೊಳಗೆ ಮುರಿಯಬೇಡಿ. ಎನ್‌ಆರ್‌ಇ ಎಫ್‌ಡಿಗೆ ಒಂದು ವರ್ಷ ತುಂಬದಿದ್ದರೆ ಬಡ್ಡಿಯೇ ಇಲ್ಲ.

ಕೇಳುವವರು ಕೇಳುತ್ತಾರೆ

ಗೃಹಪ್ರವೇಶ, ದೈವದ ಕೋಲ, ಯಾರದೋ ಆಪರೇಷನ್. ಎಲ್ಲಕ್ಕೂ ಇಲ್ಲ ಎನ್ನಲಾಗದು. ಓವರ್‌ಟೈಮ್ ಹಣವನ್ನು ಮಾಸಿಕ ಲೆಕ್ಕಕ್ಕೆ ಸೇರಿಸಲೇ ಬೇಡಿ. ಅದರಲ್ಲಿ ಅರ್ಧವನ್ನು ಇಂಥದ್ದಕ್ಕೆಂದು ಬೇರೆ ಇಡಿ. ಅದರಿಂದ ಕೊಟ್ಟದ್ದನ್ನು ಸಾಲ ಎಂದು ನೆನಪಿಟ್ಟುಕೊಳ್ಳಬೇಡಿ, ಕೊಟ್ಟಿರಿ ಅಷ್ಟೆ. ಖಾಲಿಯಾದರೆ ಈ ವರ್ಷದ್ದು ಮುಗಿಯಿತು.

ಹೋದ ತಿಂಗಳು ಕುಂದಾಪುರದಿಂದ ಚಿಕ್ಕಪ್ಪ ಫೋನ್ ಮಾಡಿ ಬೈಕಿಗೆ ಐವತ್ತು ಸಾವಿರ ಕೇಳಿದರಂತೆ. ಭಾವನೇ ಫೋನ್ ತೆಗೆದುಕೊಂಡು ಹೇಳಿದರು: “ಅವ ಮಂಚಕ್ಕೇ ಇಪ್ಪತ್ತಮೂರು ಸಾವಿರ ಕೊಡ್ತಾನೆ ಮಾರಾಯ, ಗೊತ್ತುಂಟಾ ನಿಂಗೆ?”