ಇಂಟ್ರಾಡೇ ನಷ್ಟವನ್ನು ತಪ್ಪು ಸಾಲಿನಲ್ಲಿ ತುಂಬಿದ್ದೆ

ಕಳೆದ ವರ್ಷ ಇಂಟ್ರಾಡೇಯಲ್ಲಿ, ಅಂದರೆ ಅದೇ ದಿನ ಷೇರು ಕೊಂಡು ಮಾರುವುದರಲ್ಲಿ, 42,000 ರೂಪಾಯಿ ಕಳೆದುಕೊಂಡೆ. ಕೊಂಡು ಇಟ್ಟುಕೊಂಡ ಡೆಲಿವರಿ ಷೇರುಗಳಲ್ಲಿ 30,000 ಅಲ್ಪಾವಧಿ ನಷ್ಟ, 18,000 ದೀರ್ಘಾವಧಿ ಲಾಭ. ಎಲ್ಲವೂ ಷೇರೇ ಅಲ್ವಾ ಅಂತ ಆದಾಯ ತೆರಿಗೆ ರಿಟರ್ನ್‌ನ ಐಟಿಆರ್-2 ಫಾರ್ಮ್‌ನಲ್ಲಿ ಒಟ್ಟಿಗೆ ತುಂಬಿದೆ. ಸಲ್ಲಿಸುವ ಮುನ್ನ ಮುಂದೆ ಒಯ್ಯುವ ನಷ್ಟಗಳ ಪಟ್ಟಿಯಾದ Schedule CFL ನೋಡಿದರೆ 54,000 ಪೂರ್ತಿ ಬಂಡವಾಳ ನಷ್ಟವಾಗಿ ಕೂತಿತ್ತು.

ಇಂಟ್ರಾಡೇ ಸಟ್ಟಾ ವ್ಯಾಪಾರದ ಲೆಕ್ಕ. ಆ ನಷ್ಟವನ್ನು ಸಟ್ಟಾ ಲಾಭದಲ್ಲಿ ಮಾತ್ರ ಕಳೆಯಬಹುದು, ಮುಂದೆ ಒಯ್ಯಲು 4 ವರ್ಷವಷ್ಟೇ. ಅದಕ್ಕೆ ಐಟಿಆರ್-3 ಬೇಕು. ಫಾರ್ಮ್ ಬದಲಿಸಿ 42,000 ಅಲ್ಲಿ ಹಾಕಿದೆ.

ಡೆಲಿವರಿಯ 30,000ದಲ್ಲಿ 18,000 ಕಳೆದು 12,000 ಉಳಿಯಿತು, ಇದಕ್ಕೆ 8 ವರ್ಷ. ಬೇಜಾರೆಂದರೆ, 1.25 ಲಕ್ಷದ ಮಿತಿಯೊಳಗಿದ್ದ ಆ ಲಾಭಕ್ಕೆ ಹೇಗೂ ತೆರಿಗೆ ಇರಲಿಲ್ಲ. ಆದರೂ ನಷ್ಟ ಅಲ್ಲೇ ಕರಗಿತು. ಗಡುವಿನೊಳಗೆ ಸಲ್ಲಿಸಿದ್ದರಿಂದ ಉಳಿದೆರಡು ಮೊತ್ತ ಮುಂದಕ್ಕೆ ಹೋದವು.